ಮೆಟಾರೈಜಿಯಂ ಎಣಿಕೆ ಕೊನೆಗೂ ಕೈಗೆ ಹತ್ತಿತು: ನನ್ನ ಅನುಭವ

"ಹಿಮೋಸೈಟೋಮೀಟರ್ ರಕ್ತಕ್ಕೆ ಸರಿ ಮಾರಾಯ, ನಮ್ಮ ಸ್ಪೋರಿಗೆ ಆಗಲ್ಲ" ಅಂತ, ಕೀಟ ಕೊಲ್ಲುವ ಶಿಲೀಂಧ್ರ ಮೆಟಾರೈಜಿಯಂ ಬೆಳೆಸುವ ನಮ್ಮ ಘಟಕದ ಪಾಲುದಾರ ಹೇಳುತ್ತಲೇ ಇದ್ದ. ಹಿಮೋಸೈಟೋಮೀಟರ್ ಅಂದರೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ ಎಣಿಸಲು ಚೌಕದ ಗೆರೆ ಕೊರೆದ ಗಾಜಿನ ಚೇಂಬರ್; ಸ್ಪೋರು ಅಂದರೆ ಶಿಲೀಂಧ್ರದ ಬೀಜಕಣ. ಒಂದೇ ಟ್ಯೂಬಿನ ಸ್ಯಾಂಪಲ್ ಚೇಂಬರಿನ ಒಂದು ಬದಿಯಲ್ಲಿ 80, ಇನ್ನೊಂದು ಬದಿಯಲ್ಲಿ 200 ತೋರಿಸಿದರೆ ಯಾರು ನಂಬುತ್ತಾರೆ? ಹಾಗಾಗಿ ಪ್ರತಿ ಬ್ಯಾಚೂ ಹೊರಗಿನ ಲ್ಯಾಬಿಗೆ ಹೋಗುತ್ತಿತ್ತು. ಸ್ಯಾಂಪಲ್ಲಿಗೆ ಐನೂರು-ಆರುನೂರು ರೂಪಾಯಿ, ಮೇಲೆ ವಾರದ ಕಾಯುವಿಕೆ. ಈಗ ಎರಡೂ ಬದಿಯ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಹದಿನೈದು.

ಅರ್ಧ ತೊಂದರೆ ಗಾಜಿನದ್ದು. ಚೇಂಬರ್ ಜೊತೆ ಬಂದ ದಪ್ಪ ಕವರ್ ಗ್ಲಾಸ್ ಒಡೆದಾಗ ಅಂಗಡಿಯವರು ಮಾಮೂಲಿ ಕವರ್ ಸ್ಲಿಪ್ ಕೊಟ್ಟು ಕಳಿಸಿದ್ದರು. ಅದು ತೆಳು, ದ್ರವ ಒಳಗೆ ಹೋದ ಕೂಡಲೇ ಬಾಗುತ್ತದೆ. ಆಳ 0.1 ಮಿ.ಮೀ. ಇಲ್ಲದಿದ್ದರೆ ಮಿ.ಲೀ. ಲೆಕ್ಕಕ್ಕೆ ಅಂತ 10 ಸಾವಿರದಿಂದ ಗುಣಿಸಿ ಏನು ಬಂತು? ಕೆಲವು ನೂರು ರೂಪಾಯಿ ಕೊಟ್ಟು ದಪ್ಪ ಗಾಜನ್ನೇ ತರಿಸಿದೆ. ಅಂಚಿಗೆ ಚೂರು ತೇವ ಮಾಡಿ ಒತ್ತಿದಾಗ ಎರಡೂ ಬದಿ ಕಾಮನಬಿಲ್ಲಿನ ಬಣ್ಣದ ಗೆರೆ ಕಾಣಬೇಕು. ಕಾಣದಿದ್ದರೆ ನಾನು ಸ್ಯಾಂಪಲ್ ಹಾಕುವುದೇ ಇಲ್ಲ.

ಇನ್ನರ್ಧ ಗಂಟಿನದ್ದು. ಮೆಟಾರೈಜಿಯಂ ಸ್ಪೋರಿಗೆ ನೀರು ಕಂಡರಾಗದು. ಸುಮ್ನೆ ನೀರಿಗೆ ಹಾಕಿದರೆ ಹಸಿರು ಪುಡಿ ಮೇಲೆ ತೇಲುತ್ತದೆ, ಒಳಗಿಳಿದದ್ದೂ ಸರಪಳಿಯಾಗಿಯೇ ಇರುತ್ತದೆ. ಒಂದು ಚೌಕದಲ್ಲಿ ಹಿಂಡು, ಪಕ್ಕದ್ದು ಖಾಲಿ. 1 ಗ್ರಾಂ ಅಕ್ಕಿ ಕಲ್ಚರಿಗೆ ಟ್ವೀನ್-80 ಎಂಬ ಸೋಪಿನಂಥ ದ್ರವ 0.05% ಹಾಕಿದ ನೀರು 10 ಮಿ.ಲೀ. ಹಾಕಿ, ಗಾಜಿನ ಮಣಿಗಳ ಜೊತೆ ವೋರ್ಟೆಕ್ಸ್ ಮಾಡಿ, ಮಸ್ಲಿನ್ ಬಟ್ಟೆಯಲ್ಲಿ ಸೋಸುತ್ತೇನೆ. ಎಷ್ಟು ದಪ್ಪದ ಮಣಿ, ಎಷ್ಟು ಹೊತ್ತು ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೇ ಜಾಸ್ತಿ ಕಾಲ ಹೋಗಿದೆ.

ಮೊನ್ನೆಯ ಬ್ಯಾಚ್ ಹೇಳುತ್ತೇನೆ. ಸೋಸಿದ್ದನ್ನು 20 ಪಟ್ಟು ತೆಳು ಮಾಡಿ, ಅಲುಗಾಡಿಸಿದ ತಕ್ಷಣ ಪಿಪೆಟ್‌ನಲ್ಲಿ ಎಳೆದು ತುಂಬಿದೆ. ಎರಡು-ಮೂರು ನಿಮಿಷ ಬಿಟ್ಟು, ನಡುವಿನ ದೊಡ್ಡ ಚೌಕದ 25 ಮನೆಗಳಲ್ಲಿ ನಾಲ್ಕು ಮೂಲೆ, ನಡುವಿನ ಒಂದು, ಇಷ್ಟನ್ನು ಎಣಿಸಿದೆ. ಗೆರೆ ಮೇಲೆ ಕೂತವುಗಳಲ್ಲಿ ಮೇಲಿನ ಗೆರೆಯದ್ದೂ ಎಡಗಡೆಯದ್ದೂ ಮಾತ್ರ ಲೆಕ್ಕಕ್ಕೆ. ಐದೂ ಸೇರಿ 152, ಇನ್ನೊಂದು ಬದಿಯೂ ಹತ್ತಿರಹತ್ತಿರ ಅಷ್ಟೇ.

152 × 5 × 10⁴ × 20 = 1.52 × 10⁸

ಇದು ಸೋಸಿದ ದ್ರವದ ಒಂದು ಮಿ.ಲೀ.ಗೆ. ಅಕ್ಕಿಯ ಗ್ರಾಂ ಲೆಕ್ಕ ಬೇಕಿದ್ದರೆ ಇನ್ನೂ ಹತ್ತರಿಂದ ಗುಣಿಸಿ.

ನಡುವೆ ಒಂದು ಸಂಜೆ ಬೇಕರಿ ಯೀಸ್ಟನ್ನೂ ಎಣಿಸಿದೆ. ಮೆಥಿಲೀನ್ ಬ್ಲೂ ಹಾಕಿದರೆ ಸತ್ತವು ನೀಲಿಯಾಗುತ್ತವೆ, ಬದುಕಿದ್ದು ಬಣ್ಣ ಹಿಡಿಯದೇ ಉಳಿಯುತ್ತದೆ. ಹಳೇ ಪ್ಯಾಕೆಟ್ಟಿನಲ್ಲಿ ನೀಲಿಯೇ ಜಾಸ್ತಿ, ಮನೆಯವಳ ಬನ್ ಯಾಕೆ ಉಬ್ಬಲಿಲ್ಲ ಅಂತ ಗೊತ್ತಾಯ್ತು!

ಸ್ಪೋರಿನಲ್ಲಿ ಇಷ್ಟು ಸುಲಭವಿಲ್ಲ. ಚೇಂಬರಿನಲ್ಲಿ ಸತ್ತದ್ದೂ ಬದುಕಿದ್ದೂ ಒಂದೇ ಥರ ಕಾಣುತ್ತದೆ. ಬೆಳೆದವನ್ನಷ್ಟೇ ಎಣಿಸುವ ಲ್ಯಾಬಿನ ಪ್ಲೇಟ್ ಎಣಿಕೆ ನಮ್ಮದಕ್ಕಿಂತ ಕಡಿಮೆ ಬರುವುದಕ್ಕೆ ಅದೂ ಒಂದು ಕಾರಣ. ಅದಕ್ಕೆ ಸ್ಲೈಡಿನ ಮೇಲೆ ತೆಳು ಅಗರ್ ಹರಡಿ, ಒಂದು ತೊಟ್ಟು ಬಿಟ್ಟು, ಮಾರನೇ ದಿನ ಮೊಳೆತವನ್ನು ನೋಡುತ್ತೇನೆ. ಈ ಬ್ಯಾಚಿನಲ್ಲಿ ನೂರಕ್ಕೆ 85ರಷ್ಟು ಮೊಳೆತಿದ್ದವು. ಹಾಗಾಗಿ ಘಟಕದ ಪುಸ್ತಕದಲ್ಲಿ ಬದುಕಿದ್ದು ಮಿ.ಲೀ.ಗೆ ಅಂತ ಬರೆದದ್ದು 1.3 × 10⁸.