ಗೈಡ್ ಹತ್ರ ಜಗಳ ಮಾಡ್ಕೊಳ್ದೆ ಫಸ್ಟ್ ಆಥರ್ ಉಳಿಸ್ಕೊಂಡಿದ್ದು: ನನ್ನ ಅನುಭವ

ನನ್ ಪಿಎಚ್‌ಡಿ ಕೆಲಸದ ಪೇಪರ್ ಜರ್ನಲಲ್ಲಿ ಬಂತು ಕಣ್ರೀ. ಮೊದಲ ಹೆಸರು ನಂದೇ, ಕರೆಸ್ಪಾಂಡಿಂಗ್ ಆಥರ್ ಗೈಡ್. ಮೈಸೂರಲ್ಲಿ ನಮ್ ಲ್ಯಾಬಲ್ಲಿ ಇದು ಆಗಲ್ಲ ಅಂತ ಹೇಳ್ದೋರೇ ಜಾಸ್ತಿ. "ಗೈಡ್ ಹತ್ರ ಇಮೇಲಲ್ಲಿ ಮಾತಾಡೋಕೆ ಶುರು ಮಾಡಿದ್ರೆ ಥೀಸಿಸ್ ಕಥೆ ಮುಗೀತು" ಅಂದಿದ್ರು ಸೀನಿಯರ್ ಒಬ್ರು, ಅದಕ್ಕೇ ಬರೀತಿದೀನಿ.

ನನ್ ಕೆಲಸ ಮಂಡ್ಯ, ಮದ್ದೂರು ಕಡೆ ಕಬ್ಬಿನ ಗದ್ದೆ ಸುತ್ತಮುತ್ತಲ ಬೋರ್‌ವೆಲ್ ನೀರಲ್ಲಿ ನೈಟ್ರೇಟ್. ನಮ್ಮೂರೂ ಅಲ್ಲೇ ವಿಸಿ ನಾಲೆ ಪಕ್ಕ, ಹಂಗಾಗಿ ಸ್ಯಾಂಪಲ್ ತರೋದು ಕಷ್ಟ ಆಗ್ಲಿಲ್ಲ, ಪೆಟ್ರೋಲ್ ಮತ್ತೆ ಐಸ್ ಬಾಕ್ಸ್ ಖರ್ಚು ಮಾತ್ರ ನನ್ ತಲೆ ಮೇಲೆ. ಯುವಿ ಬೆಳಕು ಹಾಯ್ಸಿ ಅಳೆಯೋ ಮೆಥಡ್‌ನಲ್ಲಿ 220 ನ್ಯಾನೋಮೀಟರಲ್ಲಿ ರೀಡಿಂಗ್ ತಗೊಂಡು 275ರದ್ದನ್ನ ಎರಡರಷ್ಟು ಕಳೆಯೋದು ಎಲ್ರಿಗೂ ಗೊತ್ತು. ಆಲೆಮನೆ ಹತ್ರದ ಬೋರ್‌ವೆಲ್‌ಗಳಲ್ಲಿ ಆ ಕಳೆಯೋ ಭಾಗ 220ರ ರೀಡಿಂಗ್‌ನ ಹತ್ತು ಪರ್ಸೆಂಟ್ ದಾಟ್ತಿತ್ತು. ಕೊಪ್ಪರಿಗೆ ತೊಳೆದ ನೀರು ಅಲ್ಲೇ ಗುಂಡಿಗೆ ಹೋಗುತ್ತಲ್ಲ, ಆ ಸಾವಯವ ಪದಾರ್ಥ ಬೆಳಕು ಹೀರ್ತಿತ್ತು ಅನ್ನೋದು ನನ್ ಲೆಕ್ಕ. ಹತ್ತು ದಾಟಿದ್ರೆ ಆ ಮೆಥಡ್ ಬಳಸಬಾರದು. "ಇರ್ಲಿ ಬಿಡಮ್ಮ, ಎಲ್ಲ ಸೇರ್ಸಿ ಆವರೇಜ್ ಹಾಕು" ಅಂದ್ರು ಸರ್. ನಾನು ಆ ಸ್ಯಾಂಪಲ್‌ಗಳನ್ನ ಬೇರೆ ಇಟ್ಟು, ಹೊರಗಡೆ ಲ್ಯಾಬಲ್ಲಿ ಅಯಾನ್ ಕ್ರೊಮ್ಯಾಟೋಗ್ರಫಿ ಮಾಡ್ಸಿದೆ, ಒಂದಕ್ಕೆ ಐನೂರು ಆರುನೂರು ಇರ್ಬೇಕು, ಕೈಯಿಂದ್ಲೇ ಹಾಕಿದ್ದು. ಯುವಿಯಲ್ಲಿ ಲೀಟರ್‌ಗೆ 45 ಮಿಲಿಗ್ರಾಂ ಮಿತಿ ದಾಟಿದೆ ಅಂತ ಬಂದಿದ್ದ ಕೆಲವು ಬೋರ್‌ವೆಲ್ ಮಿತಿಯೊಳಗೇ ಇದ್ವು. ಪೇಪರ್ ನಿಂತಿರೋದೇ ಇದರ ಮೇಲೆ. (ಹೊಸ ಬೆಲ್ಲದ ನೀರನ್ನೂ ಹಳೇ ಕಾಕಂಬಿ ನೀರನ್ನೂ ಡೈಲ್ಯೂಟ್ ಮಾಡಿ 275ರಲ್ಲಿ ನೋಡಿದ್ದೆ, ಎರಡೂ ಬೇರೆ ಬೇರೆ ಥರ ಬಂತು, ಅದು ಇನ್ನೊಂದು ಪೇಪರ್‌ಗೆ.)

ಡ್ರಾಫ್ಟ್ ಕೊಟ್ಟೆ. ಎಂಟು ಒಂಬತ್ತು ತಿಂಗಳು ಸರ್ ಟೇಬಲ್ ಮೇಲೇ ಇತ್ತು. ಕೇಳ್ದಾಗೆಲ್ಲ ನೋಡ್ತೀನಿ ಅನ್ನೋದು, ಆ ಮಧ್ಯೆ ನ್ಯಾಕ್ ಫೈಲು, ಅವರ ಪ್ರಾಜೆಕ್ಟ್ ಡೇಟಾ ಎಂಟ್ರಿ, ಎಂಎಸ್ಸಿ ಇಂಟರ್ನಲ್ಸ್ ಪೇಪರ್ ತಿದ್ದೋದು ಎಲ್ಲ ನನ್ ಮೇಲೆ. ಆಮೇಲೆ ಒಂದಿನ ಕರೆದು, ಡಿಪಾರ್ಟ್‌ಮೆಂಟಿನ ಇನ್ನೊಬ್ರು ಮೇಷ್ಟ್ರಿಗೆ ಪ್ರಮೋಷನ್ ಇಂಟರ್‌ವ್ಯೂ ಇದೆ, ಅವರನ್ನ ಫಸ್ಟ್ ಹಾಕೋಣ, ನೀನು ಸೆಕೆಂಡ್, ಕ್ಯೂ ಒನ್ ಅನ್ನೋ ಮೇಲ್ದರ್ಜೆ ಜರ್ನಲಲ್ಲಿ ಇನ್ನೂ ಒಂದು ಪೇಪರ್ ಆಗ್ಲಿ ಆಮೇಲೆ ಸಿನಾಪ್ಸಿಸ್ ನೋಡೋಣ ಅಂದ್ರು. ನಂದು ಯುಜಿಸಿ 2016ರ ರೆಗ್ಯುಲೇಷನ್ ಬ್ಯಾಚು, ಥೀಸಿಸ್ ಕೊಡೋ ಮುಂಚೆ ರೆಫರೀಡ್ ಜರ್ನಲಲ್ಲಿ ಒಂದು ಪೇಪರ್ ಬೇಕೇ ಬೇಕು, ಕ್ಯೂ ಒನ್ ಅಂತ ಎಲ್ಲೂ ಇಲ್ಲ. 2022ರದ್ರಲ್ಲಿ ಆ ಒಂದನ್ನೂ ಕಡ್ಡಾಯದಿಂದ ತೆಗೆದ್ರು. "ಹೆಣ್ಮಕ್ಳಿಗೆ ಆರರ ಮೇಲೆ ಇನ್ನೂ ಎರಡು ವರ್ಷ ಇದ್ಯಲ್ಲಮ್ಮ, ಏನ್ ಅರ್ಜೆಂಟು" ಅಂದ್ರು. ರಿಜಿಸ್ಟ್ರೇಷನ್‌ಗೆ ಇದೆ ಸರಿ, ಫೆಲೋಶಿಪ್ ಐದು ವರ್ಷಕ್ಕೇ ಮುಗಿಯುತ್ತೆ! ತಿಂಗಳಿಗೆ ಬರ್ತಿದ್ದ 42,000 ನಿಂತೋಗಿ, ಸರಸ್ವತಿಪುರಂ ರೂಮಿನ ಬಾಡಿಗೆಗೆ ಟ್ಯೂಷನ್ ಹಿಡಿದೆ.

ಮೊದ್ಲು ಎಲ್ರೂ ಮಾಡೋದನ್ನೇ ಮಾಡಿದ್ದು. ಸೀನಿಯರ್ ಕೈಲಿ ಹೇಳ್ಸಿದೆ, ಎಚ್‌ಓಡಿ ಹತ್ರ ಹೋದೆ, "ಅಡ್ಜಸ್ಟ್ ಮಾಡ್ಕೊಳಮ್ಮ, ಹೆಸರು ಇರುತ್ತಲ್ಲ" ಅಂದ್ರು. ಗೈಡ್ ಬದಲಾಯಿಸೋಕೆ ವಿಚಾರಿಸ್ದೆ, ಬೇರೆಯೋರ ಸೀಟು ಭರ್ತಿ, ಖಾಲಿ ಇದ್ದೋರು ಸಹೋದ್ಯೋಗಿ ಜೊತೆ ನಿಷ್ಠುರ ಬೇಡ ಅಂದ್ರು.

ಆಮೇಲೆ ಹಿಡಿದಿದ್ದೇ ಈ ದಾರಿ. ಸರ್ ಚೇಂಬರಿಂದ ಆಚೆ ಬಂದ ಸಾಯಂಕಾಲವೇ ನಾಕು ಸಾಲಿನ ಇಮೇಲ್. ದೂರು ಇಲ್ಲ, ವಿಶೇಷಣ ಇಲ್ಲ. "ಸರ್, ಇವತ್ತು ತಾವು ತಿಳಿಸಿದಂತೆ ಟೇಬಲ್ 3 ತಿದ್ದಿ ಲಗತ್ತಿಸಿದ್ದೇನೆ. ಡ್ರಾಫ್ಟ್ ಮೇಲಿನ ತಮ್ಮ ಟಿಪ್ಪಣಿಗೆ ಕಾಯುತ್ತಿದ್ದೇನೆ. ನಾನು ತಪ್ಪಾಗಿ ಗ್ರಹಿಸಿದ್ದರೆ ದಯವಿಟ್ಟು ತಿಳಿಸಿ." ಅಷ್ಟೇ. ಮೊದಲ ಒಂದೆರಡು ತಿಂಗಳು ಉತ್ತರವೇ ಇಲ್ಲ, ಪರವಾಗಿಲ್ಲ, ನಾನು ನಿಲ್ಲಿಸ್ಲಿಲ್ಲ. ಇಮೇಲಲ್ಲಿ ಇನ್ನೊಂದು ವಾಕ್ಯ ಇರ್ತಿತ್ತು, ಅದನ್ನ ಇಲ್ಲಿ ಹಾಕಲ್ಲ, ಎಲ್ರೂ ಅದನ್ನೇ ಕಾಪಿ ಮಾಡಿದ್ರೆ ಕೆಲಸ ಮಾಡಲ್ಲ.

ಇದಕ್ಕೆ ಬೆಲೆ ಬಂದಿದ್ದು ಆರು ತಿಂಗಳಿಗೊಮ್ಮೆ ಆಗೋ ರಿಸರ್ಚ್ ಅಡ್ವೈಸರಿ ಕಮಿಟಿಯಲ್ಲಿ. ಕಮಿಟಿ ಪ್ರೋಗ್ರೆಸ್ ರಿಪೋರ್ಟಿನ ಒಂದು ಪ್ರತಿ ಸ್ಕಾಲರ್‌ಗೆ ಕೊಡ್ಬೇಕು ಅಂತ ರೂಲಲ್ಲೇ ಇದೆ, ನಮ್ಮಲ್ಲಿ ಕೇಳ್ದೋರು ಕಮ್ಮಿ. ನಾನು ಪ್ರೆಸೆಂಟೇಷನ್‌ನ ಕೊನೇ ಸ್ಲೈಡಲ್ಲಿ ಡ್ರಾಫ್ಟ್ ಕೊಟ್ಟ ತಾರೀಕು, ತಿದ್ದಿ ಕೊಟ್ಟ ತಾರೀಕು, ಟಿಪ್ಪಣಿ ಬಂದ ತಾರೀಕು ಅಂತ ಮೂರು ಕಾಲಂ ಹಾಕ್ದೆ, ಮೂರನೇದು ಖಾಲಿ. ಬಾಯಲ್ಲಿ ಏನೂ ಹೇಳ್ಲಿಲ್ಲ. ಹೊರಗಿನ ಕಮಿಟಿ ಮೆಂಬರ್ ಮೇಡಂ ಅದನ್ನೇ ನೋಡಿ "ಸಬ್‌ಮಿಷನ್ ಯಾವಾಗ ಸರ್?" ಅಂತ ಕೇಳಿದ್ರು, ಎರಡು ತಿಂಗಳೊಳಗೆ ಅಂತ ಮಿನಿಟ್ಸಲ್ಲಿ ಬಿತ್ತು. ತಡ ಆಗ್ತಿದ್ದಿದ್ದು ಅಲ್ಲಿಗೆ ಮುಗೀತು.

ಉಳಿದಿದ್ದು ಹೆಸರಿನ ಕ್ರಮ. ಇದನ್ನ ಸಬ್ಮಿಟ್ ಮಾಡೋ ಮುಂಚೆಯೇ ತೀರಿಸ್ಕೋಬೇಕು, ಆಮೇಲೆ ಬದಲಾಯ್ಸೋಕೆ ಬಹುತೇಕ ಪಬ್ಲಿಷರ್‌ಗಳು ಎಲ್ಲ ಆಥರ್‌ಗಳ ಲಿಖಿತ ಒಪ್ಪಿಗೆ ಕೇಳ್ತಾರೆ, ಒಬ್ರು ಇಲ್ಲ ಅಂದ್ರೂ ನಿಂತೋಗುತ್ತೆ. ಪೇಪರಲ್ಲಿ ಯಾರು ಏನ್ ಮಾಡಿದ್ರು ಅಂತ ತೋರ್ಸೋ ಕ್ರೆಡಿಟ್ ಟ್ಯಾಕ್ಸಾನಮಿಯ 14 ಪಾತ್ರಗಳ ಶೀಟ್ ತಗೊಂಡು ಮೊದ್ಲು ನಂದು ತುಂಬ್ದೆ, ಸರ್‌ದು ತುಂಬ್ದೆ (ಸೂಪರ್‌ವಿಷನ್, ಫಂಡಿಂಗ್, ರಿವ್ಯೂ, ಧಾರಾಳವಾಗೇ ಹಾಕಿದೀನಿ), ಆ ಮೇಷ್ಟ್ರ ಸಾಲು ಖಾಲಿ ಬಿಟ್ಟು "ತಾವೇ ತುಂಬಿಕೊಡಿ ಸರ್" ಅಂತ ಕೊಟ್ಟೆ. ತುಂಬೋಕೆ ಸಿಕ್ಕಿದ್ದು ಉಪಕರಣ ಕೊಟ್ಟಿದ್ದು ಒಂದೇ.

ಆದ್ರೂ ಸರ್ ಒಪ್ಲಿಲ್ಲ, ಅವರಿಗೆ ಪ್ರಮೋಷನ್‌ಗೆ ಲೆಕ್ಕ ಹಾಕೋ ತಮ್ಮ ಪಾಯಿಂಟ್ ಹೋಗುತ್ತೆ ಅನ್ನೋ ಚಿಂತೆ ಬೇರೆ ಇತ್ತು. ಯುಜಿಸಿ 2018ರ ನೇಮಕ ರೆಗ್ಯುಲೇಷನ್‌ನ ಅಪೆಂಡಿಕ್ಸ್ 2 ತೆಗೆದು ತೋರಿಸ್ದೆ. ಇಬ್ಬರೇ ಆಥರ್ ಇದ್ರೆ ಪೇಪರಿನ ಪಾಯಿಂಟಲ್ಲಿ ಇಬ್ಬರಿಗೂ ತಲಾ 70 ಪರ್ಸೆಂಟ್. ಮೂರು ಜನ ಆದ್ರೆ ಫಸ್ಟ್, ಪ್ರಿನ್ಸಿಪಲ್ ಅಥವಾ ಕರೆಸ್ಪಾಂಡಿಂಗ್ ಆಥರ್‌ಗೆ 70, ಉಳಿದೋರಿಗೆ ತಲಾ 30. ಅಂದ್ರೆ ಮೂರನೇ ಹೆಸರು ಸೇರ್ಸೋದ್ರಿಂದ ಸರ್‌ಗೆ ಒಂದು ಪೈಸೆ ಲಾಭ ಇಲ್ಲ, ನಮ್ಮಿಬ್ಬರದ್ದೇ ಇದ್ರೆ ಅವರ 70 ಯಾರೂ ಪ್ರಶ್ನೆ ಮಾಡಂಗಿಲ್ಲ. ಸರ್ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. "ಇದನ್ನ ಮೊದ್ಲೇ ತೋರ್ಸೋದಲ್ವೇನಮ್ಮ" ಅಂದ್ರು. ಆ ಮೇಷ್ಟ್ರ ಹೆಸರು ಅಕ್ನಾಲೆಡ್ಜ್‌ಮೆಂಟಿಗೆ ಹೋಯ್ತು, ಅವರೂ ಬೇಜಾರು ಮಾಡ್ಕೊಳ್ಲಿಲ್ಲ.

ಗೈಡ್‌ಗೆ ಪ್ರಮೋಷನ್ ಎಲ್ಲ ಮುಗಿದು ಪಾಯಿಂಟ್ ಬೇಕಿಲ್ಲ ಅಂದ್ರೆ ಈ 70ರ ಲೆಕ್ಕ ಓಡಲ್ಲ, ಅಲ್ಲಿ 14 ಪಾತ್ರದ ಶೀಟು ಮತ್ತೆ ಕಮಿಟಿ ಮಿನಿಟ್ಸ್ ಮಾತ್ರ ಕೈಲಿರೋದು. ಕಮಿಟಿಯಲ್ಲಿ ಮೂವರೂ ಗೈಡ್ ಸ್ನೇಹಿತರೇ ಆಗಿದ್ರೆ ಅದೂ ಕಷ್ಟ, ನಂಗೆ ಆ ಮೇಡಂ ಇದ್ರು. ಇಮೇಲ್ ಮಾತ್ರ ಯೂನಿವರ್ಸಿಟಿ ಐಡಿಯಿಂದ್ಲೇ ಕಳ್ಸಿ, ಜೊತೆಗೆ ನಿಮ್ಮ ಸ್ವಂತ ಐಡಿಗೂ ಒಂದು ಪ್ರತಿ ಹಾಕ್ಕೊಳಿ, ನಮ್ ಲ್ಯಾಬಲ್ಲಿ ರಿಜಿಸ್ಟ್ರೇಷನ್ ಮುಗಿದ ಒಬ್ಬರ ಐಡಿ ಬಂದ್ ಆಗಿ ಹಳೇ ಪತ್ರ ಎಲ್ಲ ಹೋಯ್ತು. ಕ್ಯೂ ಒನ್ ಮಾತು ಸರ್ ಆಮೇಲೆ ಎತ್ತಲಿಲ್ಲ, ಸಿನಾಪ್ಸಿಸ್‌ಗೆ ಸಹಿ ಬಿದ್ದಿದೆ, ಈಗ ಕಾಕಂಬಿ ಪೇಪರ್‌ಗೆ ಸ್ಯಾಂಪಲ್ ತರೋ ಮುಂಚೇನೇ ಆ ಶೀಟ್ ತುಂಬಿ ಇಬ್ಬರೂ ಸಹಿ ಹಾಕಿದೀವಿ.