ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು, ಕೆಂಪಾದ ಅಂಗುಳ

ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರು "ಅಂಗುಳ ಕೆಂಪಾಗಿದೆ" ಎಂದು ನನ್ನ ಹತ್ತಿರ ಬರುವುದು ತೀರಾ ಕಡಿಮೆ. ಅದು ನೋಯುವುದಿಲ್ಲ, ಅದಕ್ಕೇ. ಬರುವುದು ಬೇರೆ ಏನಕ್ಕೋ. ಸೆಟ್ ಸಡಿಲವಾಗಿದೆ ಎಂದೋ, ಬಾಯಿ ರುಚಿ ಕೆಟ್ಟಿದೆ ಎಂದೋ, ತುಟಿಯ ಮೂಲೆ ಒಡೆದಿದೆ ಎಂದೋ. ಸೆಟ್ ತೆಗೆಸಿ ನೋಡಿದರೆ ಮೇಲೆ ಅಂಗುಳ ಕೆಂಪಗೆ ಇರುತ್ತದೆ. ಇದಕ್ಕೆ ಡೆಂಚರ್ ಸ್ಟೊಮಟೈಟಿಸ್ ಎನ್ನುತ್ತೇವೆ.

ಶಿರಸಿಯ ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಆಯಿಯ ಕೇಸು ಹೇಳುತ್ತೇನೆ. ಎಪ್ಪತ್ತು ದಾಟಿದವರು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರು. ತೋಟದ ಮನೆಯಿಂದ ಸೊಸೆ ಕರೆದುಕೊಂಡು ಬಂದಿದ್ದಳು. ತುಟಿಯ ಎರಡೂ ಮೂಲೆ ಒಡೆದು ಉರಿಯುತ್ತಿತ್ತು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿ ಸಾಕಾಗಿತ್ತು. ಉಪ್ಪಿನಕಾಯಿ ಮುಟ್ಟುವಂತಿರಲಿಲ್ಲ, ತಂಬುಳಿ ಅನ್ನದಲ್ಲೇ ದಿನ ಕಳೆಯುತ್ತಿದ್ದರು.

"ಸೆಟ್ ತೆಗೀರಿ ಆಯಿ" ಅಂದೆ. ಅವರು ಸೊಸೆಯ ಕಡೆ ನೋಡಿದರು. ಸೊಸೆಯನ್ನು ಹೊರಗೆ ಕೂರಲು ಹೇಳಿದ ಮೇಲೆ ತೆಗೆದರು. ಮನೆಯಲ್ಲಿ ಯಾರೂ ಅವರನ್ನು ಹಲ್ಲಿಲ್ಲದೆ ನೋಡಿರಲಿಲ್ಲವಂತೆ.

ಅಂಗುಳದ ಕೆಂಪು ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಸರಿಯಾಗಿ ನಿಂತಿತ್ತು. ಗೆರೆ ಎಳೆದ ಹಾಗೆ. ನಾನು ಮೊದಲು ನೋಡುವುದೇ ಇದನ್ನು. ಕೆಂಪು ಸೆಟ್ಟಿನ ಗಡಿ ದಾಟಿ ಕೆನ್ನೆಗೆ, ನಾಲಿಗೆಗೆ ಹರಡಿದ್ದರೆ ಬೇರೆ ಕಾರಣ ಹುಡುಕಬೇಕು. ಎಲೆಯಡಿಕೆ ಕವಳ ಹಾಕುವವರಲ್ಲಂತೂ ಜಾಸ್ತಿ ಜಾಗ್ರತೆ ಬೇಕು. ಒಂದೇ ಕಡೆ ಗಟ್ಟಿಯಾದ ಮಚ್ಚೆ, ಒರೆಸಿದರೂ ಹೋಗದ ಬಿಳಿ ಪದರ, ಮಾಯದ ಹುಣ್ಣು ಕಂಡರೆ ಅದನ್ನು ಸೆಟ್ಟಿನ ತಲೆಗೆ ಕಟ್ಟಿ ಕೂರಬಾರದು. ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು.

1962ರಲ್ಲಿ ನ್ಯೂಟನ್ ಎಂಬವರು ಮಾಡಿದ ಮೂರು ವಿಂಗಡಣೆಯನ್ನು ನಾವು ಇವತ್ತಿಗೂ ಬಳಸುತ್ತೇವೆ. ಮೊದಲನೆಯದರಲ್ಲಿ ಅಲ್ಲಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆ. ಎರಡನೆಯದರಲ್ಲಿ ಸೆಟ್ ಕೂರುವ ಜಾಗವೆಲ್ಲ ಕೆಂಪು. ಮೂರನೆಯದರಲ್ಲಿ ಅಂಗುಳದ ನಡುವೆ ಸಣ್ಣ ಸಣ್ಣ ಗುಳ್ಳೆ ಎದ್ದು ತರಿತರಿಯಾಗಿರುತ್ತದೆ. ಈ ಆಯಿಗೆ ಪೂರ್ತಿ ಎರಡನೆಯದು, ನಡುವೆ ಸ್ವಲ್ಪ ಮೂರನೆಯದು.

ಕೆಳಗಿನ ಸೆಟ್ಟಿನಡಿ ಇದು ಕಾಣುವುದು ಅಪರೂಪ. ಕೆಳಗಿನದು ಅಲುಗಾಡುತ್ತದೆ, ಅದರಡಿ ಜೊಲ್ಲು ಓಡಾಡುತ್ತದೆ. ಮೇಲಿನದು ಅಂಗುಳಕ್ಕೆ ಗಾಳಿಯಾಡದಂತೆ ಅಂಟಿ ಕೂರುತ್ತದೆ. ಸೆಟ್ ಮಾಡುವ ಅಕ್ರಿಲಿಕ್ಕಿನ ಒಳಮೈ ಹೊರಮೈಯಷ್ಟು ನುಣುಪಾಗಿರುವುದಿಲ್ಲ. ಅಂಗುಳಕ್ಕೆ ಸರಿಯಾಗಿ ಕೂರಲಿ ಎಂದು ಅಲ್ಲಿ ಪಾಲಿಶ್ ಮಾಡುವುದಿಲ್ಲ. ಆ ಸಣ್ಣ ತೂತುಗಳಲ್ಲಿ ಕ್ಯಾಂಡಿಡಾ ಎಂಬ ಬೂಷ್ಟು ಬ್ಯಾಕ್ಟೀರಿಯಾ ಜೊತೆ ಸೇರಿ ಪದರ ಕಟ್ಟುತ್ತದೆ. ಆ ಬೂಷ್ಟು ಎಷ್ಟೋ ಜನರ ಬಾಯಲ್ಲಿ ಸುಮ್ಮನೆ ಇರುತ್ತದೆ. ಹಗಲು ರಾತ್ರಿ ಮುಚ್ಚಿಟ್ಟ ಜಾಗ ಸಿಕ್ಕರೆ ಬೆಳೆಯುತ್ತದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ, ಬಾಯಿ ಒಣಗುತ್ತಿದ್ದರೆ, ದಮ್ಮಿಗೆ ಸ್ಟಿರಾಯ್ಡ್ ಇನ್‌ಹೇಲರ್ ಎಳೆಯುತ್ತಿದ್ದರೆ ಇನ್ನೂ ಜಾಸ್ತಿ.

ಆಯಿಯ ಸೆಟ್ಟನ್ನು ಬೆಳಕಿಗೆ ಹಿಡಿದೆ. ಹೊರಗೆ ಚೆನ್ನಾಗಿ ಉಜ್ಜಿದ್ದರು. ಒಳಗೆ ಕವಳದ ಕಂದು ಕಲೆ, ಅಂಚಿನಲ್ಲಿ ಕಲ್ಲಿನಂತೆ ಗಟ್ಟಿಯಾದ ಪಾಚಿ. ಇಂಥಲ್ಲಿ ಬಾಯಿಮಾತಿಗಿಂತ ತೋರಿಸುವುದೇ ವಾಸಿ ಎಂದು ನನ್ನ ಲೆಕ್ಕ. ಅಡುಗೆ ಬಣ್ಣವನ್ನು ನೀರಲ್ಲಿ ಕದಡಿ ಸೆಟ್ಟಿನ ಒಳಮೈಗೆ ಹತ್ತಿಯಲ್ಲಿ ಹಚ್ಚಿ, ನಲ್ಲಿಯಡಿ ತೊಳೆದು ಅವರ ಕೈಗೆ ಕೊಟ್ಟೆ. ಪದರ ಇದ್ದಲ್ಲೆಲ್ಲ ಬಣ್ಣ ಉಳಿದಿತ್ತು. ಅಂಗುಳ ಎಲ್ಲಿ ಕೆಂಪೋ, ಹೆಚ್ಚುಕಡಿಮೆ ಅಲ್ಲೇ. ಕನ್ನಡಿಯಲ್ಲಿ ಅಂಗುಳ, ಕೈಯಲ್ಲಿ ಸೆಟ್ಟು. ಎರಡನ್ನೂ ಆಚೀಚೆ ನೋಡಿದರು. "ದಿನಾ ಉಜ್ತೇನಲ್ಲ ಡಾಕ್ಟ್ರೇ" ಅಂದರು. ಉಜ್ಜುತ್ತಿದ್ದದ್ದು ನಿಜ. ಟೂತ್‌ಪೇಸ್ಟ್ ಹಾಕಿ, ಹೊರಗೆ ಮಾತ್ರ. ಪೇಸ್ಟಿನಲ್ಲಿರುವ ಪುಡಿ ಅಕ್ರಿಲಿಕ್ಕನ್ನು ಗೀರುತ್ತದೆ. ಗೀರಿದಲ್ಲಿ ಪದರ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಬೂದಿ, ತೆಂಗಿನ ನಾರು ಹಾಕಿ ತಿಕ್ಕುವವರ ಸೆಟ್ಟೂ ಅಷ್ಟೇ.

ರಾತ್ರಿ ಯಾಕೆ ತೆಗೆಯುವುದಿಲ್ಲ ಎಂದು ಕೇಳಿದೆ. ನಾಚಿಕೆ ಒಂದು ಕಾರಣ ಎಂದು ಗೊತ್ತಾಗಿತ್ತು. ಇನ್ನೊಂದು ಕಾರಣವೂ ಇತ್ತು. ಹಲ್ಲು ಕಿತ್ತ ದಿನವೇ ಅವರಿಗೆ ಸೆಟ್ ಕೂರಿಸಿದ್ದರು. ಹಾಗೆ ಮಾಡಿದಾಗ ಮೊದಲ 24 ಗಂಟೆ ಸೆಟ್ ತೆಗೆಯಬೇಡಿ ಎಂದು ಹೇಳುವುದು ಸರಿಯಾದ ಪದ್ಧತಿಯೇ. ತೆಗೆದರೆ ಬಾವು ಬಂದು ಮತ್ತೆ ಕೂರುವುದಿಲ್ಲ. ಆದರೆ ಆಯಿಗೆ ನೆನಪುಳಿದದ್ದು "ರಾತ್ರಿ ತೆಗೀಬೇಡಿ" ಎಂಬುದಷ್ಟೇ. ಅದನ್ನು ವರ್ಷಗಟ್ಟಲೆ ನಿಷ್ಠೆಯಿಂದ ಪಾಲಿಸಿದ್ದರು! ಈ ಮಾತು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಹಾಗಾಗಿ ಈಗ ಎಲ್ಲರನ್ನೂ ಕೇಳುತ್ತೇನೆ, ಸೆಟ್ ಕೊಟ್ಟ ದಿನ ಏನು ಹೇಳಿದ್ದರು ಎಂದು.

ನಾಚಿಕೆಗೆ ಭಾಷಣ ಕೊಟ್ಟು ಪ್ರಯೋಜನವಿಲ್ಲ. ದೀಪ ಆರಿಸಿದ ಮೇಲೆ ತೆಗೆಯಿರಿ, ಬೆಳಿಗ್ಗೆ ಉಳಿದವರು ಏಳುವ ಮೊದಲೇ ಹಾಕಿಕೊಳ್ಳಿ ಎಂದೆ. ಅಂಗುಳಕ್ಕೆ ಆರೆಂಟು ತಾಸು ಬಿಡುವು ಸಿಕ್ಕರೆ ಸಾಕು. ಜಪಾನಿನಲ್ಲಿ 85 ದಾಟಿದ 524 ಜನರನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಕಂಡಿತು. ಅದಕ್ಕೆ ಸೆಟ್ಟೊಂದೇ ಕಾರಣ ಎಂದು ಅಷ್ಟರಿಂದ ಹೇಳಲಾಗದು. ಆದರೆ ಪದೇ ಪದೇ ಕೆಮ್ಮು ಕಫ ಆಗುವ ಅಜ್ಜ ಅಜ್ಜಿಯರ ಮನೆಯವರಿಗೆ ನಾನು ಇದನ್ನು ಹೇಳಿಯೇ ಹೇಳುತ್ತೇನೆ.

ಸೆಟ್ ಇಡಲು ಮುಚ್ಚಳವಿರುವ ಡಬ್ಬಿಯೇ ಬೇಕು. ಲೋಟದಲ್ಲಿಟ್ಟರೆ ಬೆಳಿಗ್ಗೆ ಯಾರೋ ನೀರಿನ ಜೊತೆ ಸೆಟ್ಟನ್ನೂ ತೋಟಕ್ಕೆ ಚೆಲ್ಲುತ್ತಾರೆ. ಕಾಗದದಲ್ಲಿ ಸುತ್ತಿಟ್ಟರೆ ಕಸಕ್ಕೆ ಹೋಗುತ್ತದೆ. ಕೈಗೆಟುಕುವಲ್ಲಿಟ್ಟರೆ ನಾಯಿ ಕಚ್ಚಿಕೊಂಡು ಹೋದದ್ದೂ ಉಂಟು. ಡಬ್ಬಿಯಲ್ಲಿ ತಣ್ಣೀರು ಹಾಕಬೇಕು, ದಿನಾ ಬದಲಿಸಬೇಕು. ಕುದಿವ ನೀರು ಬೇಡವೇ ಬೇಡ, ಅಕ್ರಿಲಿಕ್ ಸೊಟ್ಟಗಾಗುತ್ತದೆ.

ಶುಚಿ ಮಾಡುವುದನ್ನು ಸೊಸೆಯನ್ನೂ ಒಳಗೆ ಕರೆದು ತೋರಿಸಿದೆ. ಆಯಿಯೇ ಒಪ್ಪಿದರು, ಸೆಟ್ ಹಾಕಿಕೊಂಡ ಮೇಲೆ. ಗಟ್ಟಿ ಪಾಚಿಯನ್ನು ನಾನೇ ಕ್ಲಿನಿಕ್ಕಿನಲ್ಲಿ ತೆಗೆದೆ, ಅದು ಮನೆಯಲ್ಲಿ ಹೋಗುವಂಥದ್ದಲ್ಲ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಬೇಸಿನ್ನಿನಲ್ಲಿ ಸ್ವಲ್ಪ ನೀರು ತುಂಬಿ, ಕೆಳಗೆ ಮಡಚಿದ ಟವೆಲ್ ಹಾಸಿ, ಅದರ ಮೇಲೆ ಹಿಡಿದು ತೊಳೆಯುವುದು. ಕೈಜಾರಿದರೂ ಒಡೆಯುವುದಿಲ್ಲ. ಮೆತ್ತನೆಯ ಬ್ರಷ್ಷು, ಮಾಮೂಲಿ ಕೈ ತೊಳೆಯುವ ಸೋಪು. ಒಳಮೈಯನ್ನು ಮೊದಲು, ಹೊರಮೈಯನ್ನು ಆಮೇಲೆ. ಊಟವಾದ ಮೇಲೆ, ಕವಳ ಉಗುಳಿದ ಮೇಲೆ ತೆಗೆದು ಬರೀ ನೀರಲ್ಲಿ ತೊಳೆದರೂ ಆಯಿತು. ಅಂಗುಳವನ್ನೂ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು.

ಬ್ರಷ್ಷಿಗೆ ಸಿಗದ ತೂತುಗಳಿಗೆ ಹೈಪೋಕ್ಲೋರೈಟ್ ಬೇಕು. ನಾನು ಕೊಟ್ಟದ್ದು 3 ಶೇಕಡಾದ ದ್ರಾವಣ. ಅದರ ಎರಡು ದೊಡ್ಡ ಚಮಚಕ್ಕೆ ಹತ್ತು ಚಮಚ ನೀರು, ಆಗ ಅರ್ಧ ಶೇಕಡಾ ಆಗುತ್ತದೆ. ಸೋಪು ಹಾಕಿ ಉಜ್ಜಿದ ಸೆಟ್ಟನ್ನು ಅದರಲ್ಲಿ ಹತ್ತು ನಿಮಿಷ ಇಡಬೇಕು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಚೆನ್ನಾಗಿ ತೊಳೆದು ರಾತ್ರಿಗೆ ಬರೀ ನೀರಿನ ಡಬ್ಬಿಗೆ. ರಾತ್ರಿಯೆಲ್ಲ ಹೈಪೋಕ್ಲೋರೈಟಿನಲ್ಲೇ ನೆನೆಸಿದರೆ ಗುಲಾಬಿ ಬಣ್ಣ ಬಿಳಿಚುತ್ತದೆ. ಕಮ್ಮಿ ಬಿದ್ದಾಗ ಟಾಯ್ಲೆಟ್ ಕ್ಲೀನರ್ ಹಾಕುವುದಾಗಲಿ, ವಿನೆಗರ್ ಬೆರೆಸುವುದಾಗಲಿ ಮಾಡಬಾರದು. ಆಮ್ಲ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಲೋಹದ ಕೊಕ್ಕೆ ಇರುವ ಅರ್ಧ ಸೆಟ್ಟಿಗೆ ಹೈಪೋಕ್ಲೋರೈಟ್ ಆಗುವುದಿಲ್ಲ, ತುಕ್ಕು ತಿನ್ನುತ್ತದೆ. ಅವರಿಗೆ ಕ್ಲೋರ್‌ಹೆಕ್ಸಿಡಿನ್ ಹೇಳುತ್ತೇನೆ.

ಔಷಧಿ ಎಂದು ಕೊಟ್ಟದ್ದು ಬೂಷ್ಟು ಕೊಲ್ಲುವ ಕ್ಲೋಟ್ರಿಮಜೋಲ್ ಮೌತ್ ಪೇಂಟ್, ಅಂಗುಳಕ್ಕೂ ಸೆಟ್ಟಿನ ಒಳಮೈಗೂ ದಿನಕ್ಕೆ ಮೂರು ಸಲ. ತುಟಿಯ ಮೂಲೆಗೆ ಅದೇ ಔಷಧಿಯ ಕ್ರೀಮು. ಎರಡು ವಾರ. ಬೂಷ್ಟಿಗೆಂದೇ ನುಂಗುವ ಫ್ಲುಕೊನಜೋಲ್ ಮಾತ್ರೆ ಬರೆಯಲಿಲ್ಲ. ಆಯಿ ಸಕ್ಕರೆಗೆ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದರು. ಎರಡೂ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುವವರಿಗೂ ಫ್ಲುಕೊನಜೋಲ್ ಅಪಾಯ. ಮೈಕೊನಜೋಲ್ ಜೆಲ್ ಬಾಯಿಗೆ ಮಾತ್ರ ಹಚ್ಚಿದರೂ ವಾರ್ಫರಿನ್ ಜೊತೆ ಬೇಡ. ಅದಕ್ಕೇ ಮಾತ್ರೆಗಳ ಚೀಟಿಯನ್ನೆಲ್ಲ ತರಲು ಹೇಳುವುದು. ಇನ್ನು ಬರೀ ಔಷಧಿ ಹಚ್ಚಿ ಸೆಟ್ಟನ್ನು ಹಾಗೇ ಬಿಟ್ಟರೆ ಬೂಷ್ಟು ಸೆಟ್ಟಿನಿಂದ ಮತ್ತೆ ಅಂಗುಳಕ್ಕೆ ಬರುತ್ತದೆ.

ಮನೆಯವರಿಗೆ ಅವಸರವಿತ್ತು. ಮೊಮ್ಮಗನ ಉಪನಯನಕ್ಕೆ ಹೊಸ ಸೆಟ್ ಆಗಬೇಕಿತ್ತು. "ಹಳೇದು ಬಿಸಾಕಿ ಹೊಸತು ಮಾಡಿಕೊಡಿ, ಎಲ್ಲ ಸರಿಯಾಗ್ತದಲ್ಲ" ಎಂದು ಮಗ ಫೋನಿನಲ್ಲಿ ಕೇಳಿದ. ಆಗಲ್ಲ ಎಂದೆ. ಬಾವು ಬಂದ ಅಂಗುಳದ ಅಳತೆ ತೆಗೆದರೆ ಸೆಟ್ ಆ ಬಾವಿಗೇ ಹೊಂದುತ್ತದೆ. ಬಾವು ಇಳಿದ ಮೇಲೆ ಅದೂ ಸಡಿಲ. ಅಷ್ಟರ ತನಕ ಹಳೆಯ ಸೆಟ್ಟಿನೊಳಗೆ ಟಿಶ್ಯೂ ಕಂಡಿಷನರ್ ಎಂಬ ಮೆತ್ತನೆಯ ಪದರ ಹಾಕಬಹುದು. ಅದರಲ್ಲೂ ಬೂಷ್ಟು ಬೇಗ ಹಿಡಿಯುತ್ತದೆ, ಕೆಲವೇ ದಿನಕ್ಕೆ ಬದಲಿಸಬೇಕು. ಅವರ ಊರಿಂದ ಅಷ್ಟು ಸಲ ಓಡಾಡುವುದು ಕಷ್ಟ ಎಂದು ಕೈಬಿಟ್ಟೆ. ಒತ್ತುತ್ತಿದ್ದ ಒಂದೆರಡು ಜಾಗ ಮಾತ್ರ ಉಜ್ಜಿ ಕೊಟ್ಟೆ. ಉಪನಯನ ಹಳೆಯ ಸೆಟ್ಟಿನಲ್ಲೇ ಆಯಿತು.

ಎರಡು ವಾರದ ಮೇಲೆ ಬಂದಾಗ ಕೆಂಪು ಬಹಳ ಮಟ್ಟಿಗೆ ಇಳಿದಿತ್ತು. ಬಣ್ಣ ಹಚ್ಚಿ ನೋಡಿದೆ, ಒಳಮೈ ಹೆಚ್ಚುಕಡಿಮೆ ಸ್ವಚ್ಛ. ತುಟಿಯ ಮೂಲೆ ಮಾತ್ರ ಪೂರ್ತಿ ಮಾಯ್ದಿರಲಿಲ್ಲ. ಸೆಟ್ಟಿನ ಹಲ್ಲು ಸವೆದು ಬಾಯಿ ಜಾಸ್ತಿ ಮುಚ್ಚಿಕೊಳ್ಳುತ್ತಿತ್ತು, ಮೂಲೆಯ ಮಡಿಕೆಯಲ್ಲಿ ಜೊಲ್ಲು ನಿಲ್ಲುತ್ತಿತ್ತು. ಅದಕ್ಕೆ ಯಾವ ಕ್ರೀಮೂ ಸಾಲದು, ಎತ್ತರ ಸರಿಮಾಡಿದ ಹೊಸ ಸೆಟ್ಟೇ ಬೇಕು. ಅಂಗುಳ ತಿಳಿ ಗುಲಾಬಿಗೆ ಬಂದ ಮೇಲೆ ಅಳತೆ ತೆಗೆದು ಮಾಡಿಸಿದೆ. ಅಷ್ಟರಲ್ಲಿ ಅವರ ಡಾಕ್ಟರು ಸಕ್ಕರೆಯ ಮಾತ್ರೆಯನ್ನೂ ಹೊಂದಿಸಿದ್ದರು.

ನಡುವಿನ ತರಿಗಳು ಹೋಗಿಲ್ಲ. ಮೂರನೆಯ ಬಗೆಯದು ಔಷಧಿಗೆ ಪೂರ್ತಿ ಕರಗುವುದಿಲ್ಲ, ಕೆಂಪಷ್ಟೇ ಇಳಿಯುತ್ತದೆ. ದೊಡ್ಡದಿದ್ದರೆ ಕತ್ತರಿಸಿ ತೆಗೆದು ಆಮೇಲೆ ಸೆಟ್ ಮಾಡುವುದು ಕ್ರಮ. ಇವರದ್ದು ಸಣ್ಣದು, ಸೆಟ್ ಕೂರಲು ಅಡ್ಡಿಯಿಲ್ಲ. ಆರು ತಿಂಗಳಿಗೊಮ್ಮೆ ನೋಡುತ್ತೇನೆ. ಬೆಳೆದರೆ, ಅಥವಾ ಮತ್ತೆ ಕೆಂಪೇರಿದರೆ ತೆಗೆಸುವ ಮಾತು.