ಧಾರವಾಡದ ಅಜ್ಜಿಯನ್ನು ಪುಸ್ತಕದ ಕನ್ನಡಕ್ಕೆ ತಂದಾಗ

ಗೆಳೆಯನ ಕತೆ, ಸುಮಾರು ಹತ್ತು ಪುಟ. ನಿರೂಪಣೆ, ಮಾತು ಎಲ್ಲಾ ಧಾರವಾಡ ಕಡೆಯ ಕನ್ನಡ. ಬೇರೆ ಕಡೆಯವರೂ ತಡವರಿಸದೆ ಓದಬೇಕು, ಶಿಷ್ಟ ಕನ್ನಡಕ್ಕೆ ತಂದುಕೊಡು ಅಂದಿದ್ದ.

ಮೊದಲ ಸಲ ನಾನು ಮಾಡಿದ್ದು ಬರೀ ಪದ ಬದಲಿಸುವ ಕೆಲಸ. 'ಐತಿ' ಕಂಡಲ್ಲಿ 'ಇದೆ', 'ಮನ್ಯಾಗ' ಕಂಡಲ್ಲಿ 'ಮನೆಯಲ್ಲಿ'. ಅವನು ಓದಿ, "ಇಕಿ ನನ್ನ ಅಜ್ಜಿ ಅಲ್ಲಲೇ, ಯಾವುದೋ ಸಾಲಿ ಟೀಚರ್ ಆಗ್ಯಾಳ" ಅಂದ. ಸರಿಯಾಗೇ ಹೇಳಿದ್ದ.

ಒಂದು ಸಾಲು ನೋಡಿ. ಮೂಲದಲ್ಲಿ ಅಜ್ಜಿ ಮಗಳಿಗೆ ಹೇಳೋದು: "ಏನ್ ಹೇಳ್ಲಿ ಯವ್ವಾ, ಹೋದಾಂವ ಹೊಳ್ಳಿ ಬರಲೇ ಇಲ್ಲ ನೋಡು." ನಾನು ಬರೆದಿದ್ದು: "ಏನು ಹೇಳಲಿ ಮಗಳೇ, ಹೋದ ಅವನು ಮರಳಿ ಬರಲಿಲ್ಲ." ಅರ್ಥ ಪೂರ್ತಿ ಇದೆ, ಅಜ್ಜಿ ಇಲ್ಲ. ಮಗಳನ್ನೇ 'ಯವ್ವಾ' ಅನ್ನುವ ಅಕ್ಕರೆ ಹೋಯಿತು, 'ಬರಲೇ'ಯಲ್ಲಿದ್ದ ಒತ್ತು ಹೋಯಿತು, ಕೊನೆಯ 'ನೋಡು' ಕೂಡ ಹೋಯಿತು. ಆಮೇಲೆ ಹೀಗೆ ತಿದ್ದಿದೆ: "ಏನು ಹೇಳಲಿ ಯವ್ವಾ, ಹೋದವನು ಹೊಳ್ಳಿ ಬರಲೇ ಇಲ್ಲ ನೋಡು." ಕಾಗುಣಿತ ಮಾತ್ರ ಶಿಷ್ಟವಾಯಿತು. 'ಹೊಳ್ಳಿ' ಗೊತ್ತಿಲ್ಲದವರಿಗೂ 'ಹೋದವನು', 'ಬರಲೇ ಇಲ್ಲ' ಎರಡರ ನಡುವೆ ಅದು ತಾನಾಗೇ ತಿಳಿಯುತ್ತೆ, ಅಲ್ವಾ? ಅಲ್ಲಿಂದ ಮುಂದೆ ಇದನ್ನೇ ಹಿಡಿದೆ: ಉಚ್ಚಾರಣೆ ಬದಲಿಸು, ಕರೆಯುವ ರೀತಿ, ಒತ್ತು, ಮಾತಿನ ಬಾಲ ಮುಟ್ಟಬೇಡ.

ಜಾಸ್ತಿ ಕಾಡಿದ್ದು ಗೊತ್ತಿದೆ ಅನ್ನಿಸುವ ಪದಗಳು. ಮೂಲದಲ್ಲಿ ಸೊಸೆ ಪತ್ರ ಓದಿ "ಹೊರಗ ಒಗದ್ಲು" ಅಂತ ಇತ್ತು. 'ಒಗೆದಳು' ಅಂತ ಹಾಗೇ ಬಿಟ್ಟಿದ್ದೆ. ಮೈಸೂರು ಕಡೆಯ ಒಬ್ಬರು ಓದಿ, ಪತ್ರ ಯಾಕೆ ತೊಳೆದಳು ಅಂತ ಕೇಳಿದರು! ಅಲ್ಲಿ 'ಎಸೆದಳು' ಅಂತಲೇ ಬರೆಯಬೇಕಾಯಿತು. 'ಗಿಡ'ದ್ದೂ ಅದೇ ಕತೆ, ಆ ಕಡೆ ದೊಡ್ಡ ಮರಕ್ಕೂ ಗಿಡ ಅಂತಾರೆ. ನಿರೂಪಣೆಯಲ್ಲಿ ಮೊದಲೇ ಬೇವಿನ ಮರ ಅಂದುಬಿಟ್ಟೆ, ಆಮೇಲೆ ಅಜ್ಜಿಯ ಬಾಯಲ್ಲಿ ಗಿಡವೇ ಇರಲಿ ಅಂತ ಬಿಟ್ಟೆ.

'ಅಳಾಕ ಹತ್ತಿದ್ಲು' ಬಂದಾಗ ಸ್ವಲ್ಪ ನಿಂತು ಯೋಚಿಸಬೇಕು. ಅಳೋಕೆ ಶುರು ಮಾಡಿದಳೋ, ಮೊದಲಿಂದ ಅಳುತ್ತಲೇ ಇದ್ದಳೋ? ಹಿಂದಿನ ಸಾಲು ನೋಡದೆ ಗೊತ್ತಾಗಲ್ಲ. ಶುರು ಅಂತಾದರೆ 'ಅಳಹತ್ತಿದಳು' ಅಂತ ಬರೆದೆ, ಬರಹದಲ್ಲೂ ನಡೆಯುವ ರೂಪ ಅದು, ಆ ಕಡೆಯ ವಾಸನೆಯೂ ಉಳಿಯುತ್ತೆ. 'ಅಳತೊಡಗಿದಳು' ಅಂದರೆ ತಪ್ಪಲ್ಲ, ಆದರೆ ಆ ಮನೆಯಲ್ಲಿ ಯಾರೂ ಹಾಗೆ ಅಳಲ್ಲ.

ಕೊನೆಗೂ ಕೂರದೇ ಉಳಿದಿದ್ದು ಅಜ್ಜಿಯ "ನಾ ಬರಂಗಿಲ್ಲ". 'ನಾನು ಬರುವುದಿಲ್ಲ' ತೀರಾ ಸಭ್ಯ. 'ನಾನು ಬರುವವಳಲ್ಲ' ಅಂತ ಹಾಕಿದೆ, ಹಟ ಬಂತು. ಗೆಳೆಯ ಅದನ್ನು ಹೊಡೆದು 'ಬರಂಗಿಲ್ಲ' ಅಂತಲೇ ತಿರುಗಿ ಬರೆದ. ನಾನೂ ಸುಮ್ನಾದೆ.